ಬಂದದ, ಬಂದಾವ

ಬಸವಕಲ್ಯಾಣದ ಮನೆಯಿಂದ ಹುಮನಾಬಾದಿನ ಕಚೇರಿಗೆ ಪ್ರತಿದಿನವೂ ಬಸ್ಸಿನಲ್ಲಿ ಹೋಗಿಬರುವ ನಾನು, ಹದಿನೆಂಟು ವರ್ಷಗಳಿಂದ ತೊಗರಿಯ ಸಗಟು ವ್ಯಾಪಾರದ ಒಂದು ಸಂಸ್ಥೆಯಲ್ಲಿ ಗುಮಾಸ್ತನಾಗಿರುವೆನಾದರೂ, ನನ್ನ ನಿಜವಾದ ಉದ್ಯೋಗವು ವಾಕ್ಯಗಳನ್ನು ಬೆಳೆಸುವುದೇ ಎಂದು ಜೊತೆಯವರು ಆಡಿಕೊಳ್ಳುತ್ತಾರೆ. ಅವರ ಮಾತಿನಲ್ಲಿ ಸುಳ್ಳಿಲ್ಲ. ಅರ್ಧಗೆರೆಯಲ್ಲಿ ಮುಗಿಯಬೇಕಾದ ಸಂಗತಿಯನ್ನು ಆರು ಗೆರೆಗಳವರೆಗೆ ಎಳೆದು, ನಡುನಡುವೆ ‘ಸಹಿತ’, ‘ಮೇರೆಗೆ’, ‘ಕುರಿತಂತೆ’ ಎಂಬ ತಂಗುದಾಣಗಳಲ್ಲಿ ಇಳಿದು ಹತ್ತಿ, ಕೊನೆಗೆ ಕ್ರಿಯಾಪದವೆಂಬ ಊರನ್ನು ಸೇರುವ ಹೊತ್ತಿಗೆ ನಾನು ಯಾರನ್ನು ಕರೆದುಕೊಂಡು ಹೊರಟಿದ್ದೆನೆಂಬುದೇ ನನಗೆ ಮರೆತುಹೋಗಿರುತ್ತದೆ.

ಈ ಮರೆವಿನ ಬೆಲೆಯು ಎಷ್ಟೆಂಬುದು ನನಗೆ ತಿಳಿದದ್ದು ನಲವತ್ತು ಚೀಲ ತೊಗರಿಯಿಂದ. ಬಸವಕಲ್ಯಾಣದ ನಮ್ಮ ಶಾಖೆಯಿಂದ ಹೊರಟ ಲಾರಿಯು ಸಸ್ತಾಪುರ ಬಂಗ್ಲೆಯ ಬಳಿ ಕೆಟ್ಟು ನಿಂತಿದ್ದಿತು. ಅದರ ಕಾಗದಪತ್ರಗಳನ್ನು ಮಾತ್ರ ಹುಡುಗನೊಬ್ಬನು ಮೋಟಾರ್ ಸೈಕಲ್ಲಿನ ಮೇಲೆ ತಂದು ನನ್ನ ಮೇಜಿನ ಮೇಲಿಟ್ಟನು. ಆ ವಿಷಯವನ್ನು ನಾನು ಕಲಬುರಗಿಯ ಮುಖ್ಯ ಕಚೇರಿಗೆ ಇಮೇಲ್ ಮೂಲಕ ತಿಳಿಸಿದ ಬಗೆ ಹೀಗಿದ್ದಿತು: ‘ಬಸವಕಲ್ಯಾಣ ಶಾಖೆಯಿಂದ ಹೊರಟ ನಲವತ್ತು ತೊಗರಿ ಚೀಲಗಳ ಲೆಕ್ಕ, ಅಲ್ಲಿಯ ಕಾವಲುಗಾರನೂ ಲಾರಿಯ ಚಾಲಕನೂ ಸಹಿ ಹಾಕಿದ ಎರಡು ತೂಕದ ಚೀಟಿಗಳ ಸಹಿತ, ನಿನ್ನೆ ಸಂಜೆ ನಮ್ಮ ಗೋದಾಮಿಗೆ ಬಂದಿವೆ.’ ಕಲಬುರಗಿಯವರು ಬುದ್ಧಿವಂತರು; ‘ಬಂದಿವೆ’ ಎಂದ ಮೇಲೆ ಬಂದುದು ಒಂದಲ್ಲ, ಹಲವು; ಹಲವಾಗಿರುವುವು ಚೀಲಗಳು; ಆದುದರಿಂದ ಚೀಲಗಳು ಬಂದಿವೆ ಎಂದು ನಿರ್ಣಯಿಸಿ, ದಾಸ್ತಾನು ಪುಸ್ತಕದಲ್ಲಿ ನಲವತ್ತನ್ನು ಜಮಾ ಮಾಡಿ, ಅವನ್ನು ಅದೇ ಮಧ್ಯಾಹ್ನ ಒಬ್ಬ ಗಿರಾಕಿಗೆ ಮಾರಿಯೂಬಿಟ್ಟರು.

ಮರುದಿನ ಫೋನು ಬಂದಿತು. ಏನು ಬಂದಿದೆ, ಏನು ಬಂದಿಲ್ಲ ಎಂಬ ಜಿಜ್ಞಾಸೆಯು ಅರ್ಧ ತಾಸು ನಡೆಯಿತು. ಕೊನೆಗೆ, ನಮ್ಮಲ್ಲಿ ಮೂವತ್ತು ವರ್ಷ ಲೆಕ್ಕ ಬರೆದ ಹಿರಿಯರೊಬ್ಬರು ನನ್ನ ಹಿಂದೆ ಬಂದು ನಿಂತು, ಕನ್ನಡಕವನ್ನು ಹಣೆಯ ಮೇಲಕ್ಕೇರಿಸಿ, ಪರದೆಯನ್ನು ಓದಿದರು.

‘ತಮ್ಮಾ, ಚೀಲ ಎಲ್ಲಿ ಬಂದಾವ? ಲೆಕ್ಕ ಬಂದದ.’

ಇಷ್ಟೇ. ನಮ್ಮ ಸೀಮೆಯ ಆಡುಮಾತಿನಲ್ಲಿ ಒಂದಕ್ಕೆ ‘ಬಂದದ’, ಹಲವಕ್ಕೆ ‘ಬಂದಾವ’. ಸಂತೆಯಲ್ಲಿ ಕುಳಿತು ಮಾತನಾಡುವಾಗ ನಾನು ಒಮ್ಮೆಯಾದರೂ ಇವೆರಡನ್ನು ಅದಲುಬದಲು ಮಾಡಿದವನಲ್ಲ. ಬಾಯಿಗೆ ತಿಳಿದಿರುವುದು ಬೆರಳಿಗೆ ಏಕೆ ತಿಳಿಯದು ಎಂಬ ಪ್ರಶ್ನೆಯು ಅಂದಿನಿಂದ ನನ್ನ ಬಸ್ಸಿನ ಪ್ರಯಾಣದ ಸಂಗಾತಿಯಾಯಿತು.

ಇಂಗ್ಲಿಷಿನಲ್ಲಿ ಇಂತಹ ತಪ್ಪನ್ನು ಕುರಿತು ವಿದ್ವಾಂಸರು ಪ್ರಯೋಗಗಳನ್ನೇ ಮಾಡಿದ್ದಾರೆ. ಕ್ಯಾಥರಿನ್ ಬಾಕ್ ಮತ್ತು ಕ್ಯಾರಲ್ ಮಿಲ್ಲರ್ ಎಂಬಿಬ್ಬರು 1991ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಜನರಿಗೆ ‘ಬೀರುಗಳ ಬೀಗದ ಕೈ’ ಎಂಬಂತಹ ಅರೆವಾಕ್ಯಗಳನ್ನು ಕೊಟ್ಟು ಪೂರ್ಣಗೊಳಿಸಲು ಹೇಳಿದಾಗ, ಏಕವಚನದ ಕರ್ತೃವಿನ ನೆರೆಯಲ್ಲಿ ಬಹುವಚನದ ನಾಮಪದವೊಂದು ನಿಂತಿದ್ದರೆ ಕ್ರಿಯಾಪದವು ಆ ನೆರೆಯವನ ಕಡೆಗೆ ವಾಲುವುದು ಕಂಡುಬಂದಿತು. ಬಹುವಚನದ ಕರ್ತೃವಿನ ನೆರೆಯಲ್ಲಿ ಏಕವಚನವು ನಿಂತಾಗ ಹಾಗೆ ವಾಲುವುದು ಬಹಳ ವಿರಳ. ಒಂದು ಲೆಕ್ಕವೂ ನಲವತ್ತು ಚೀಲಗಳೂ ಒಂದೆಡೆ ನಿಂತಾಗ ಗದ್ದಲದಲ್ಲಿ ಗೆಲ್ಲುವುವು ಚೀಲಗಳೇ.

ಆದರೆ ಕನ್ನಡದ ಸಂಕಟವು ಬೇರೊಂದು ಮೂಲದಿಂದಲೂ ಬಂದಿದೆ. ಇಂಗ್ಲಿಷಿನಲ್ಲಿ ವಿಶೇಷಣದ ಉದ್ದನೆಯ ಬಾಲವು ಕರ್ತೃವಿನ ಹಿಂದೆ ಬೆಳೆದು, ಅದಕ್ಕೂ ಕ್ರಿಯೆಗೂ ನಡುವೆ ಅಡ್ಡ ನಿಲ್ಲುತ್ತದೆ. ನಮ್ಮಲ್ಲಿ ವಿಶೇಷಣಗಳೆಲ್ಲವೂ ಕರ್ತೃವಿನ ಮುಂದೆಯೇ ಮುಗಿಯುತ್ತವಷ್ಟೆ. ‘ಬಸವಕಲ್ಯಾಣ ಶಾಖೆಯಿಂದ ಹೊರಟ ನಲವತ್ತು ತೊಗರಿ ಚೀಲಗಳ’ ಎಂಬ ಮೆರವಣಿಗೆಯೆಲ್ಲ ಸಾಗಿದ ಮೇಲೆ ‘ಲೆಕ್ಕ’ವು ಬರುತ್ತದೆ. ಅಲ್ಲಿಂದ ಮುಂದೆ ವಾಕ್ಯದ ಕೊನೆಯವರೆಗೆ ಕರ್ಮ, ಕರಣ, ದೇಶ, ಕಾಲಗಳನ್ನೂ, ‘ಪರಿಶೀಲಿಸಿ’, ‘ಸಹಿ ಪಡೆದು’, ‘ಕಳುಹಿಸಿದ್ದು’ ಎಂಬ ಅಪೂರ್ಣ ಕ್ರಿಯೆಗಳನ್ನೂ ಎಷ್ಟು ಬೇಕಾದರೂ ತುಂಬಬಹುದು. ಈ ಅಪೂರ್ಣ ಕ್ರಿಯೆಗಳಿಗೆ ಲಿಂಗವಿಲ್ಲ, ವಚನವಿಲ್ಲ, ಪುರುಷವಿಲ್ಲ. ಅವನು ಬಂದರೂ ‘ಬಂದು’, ಅವರು ಬಂದರೂ ‘ಬಂದು’. ದಾರಿಯುದ್ದಕ್ಕೂ ಯಾರೂ ಚೀಟಿ ಕೇಳದೆ, ಕಟ್ಟಕಡೆಯ ಕ್ರಿಯಾಪದದ ಬಾಗಿಲಿನಲ್ಲಿ ಮಾತ್ರ ತಪಾಸಣೆಯವನು ನಿಂತಿರುವ ಬಸ್ಸಿನಂತೆ ಇದು.

ಈ ಗುಟ್ಟು ನನಗೆ ಹೊಳೆದದ್ದು ಶಾಸನಗಳಿಂದ. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯರ ರಾಜಧಾನಿಯಾದ ನಮ್ಮ ಊರಿನ ಹೆಸರನ್ನು ಹೊತ್ತು, ಆರನೆಯ ವಿಕ್ರಮಾದಿತ್ಯನಂತಹ ಅರಸರ ಕಾಲದಲ್ಲಿ ನಾಡಿನ ಉದ್ದಗಲಕ್ಕೂ ಕೆತ್ತಲ್ಪಟ್ಟ ಕಲ್ಲುಗಳನ್ನು ನೋಡಿ. ಅರಸನ ಬಿರುದುಗಳು ಒಂದರ ಹಿಂದೊಂದು ಹೊರಟು, ತ್ರಿಭುವನಮಲ್ಲದೇವರ ಎಂಬ ಷಷ್ಠಿಯಲ್ಲಿ ನಿಂತು, ‘ವಿಜಯರಾಜ್ಯಂ’ ಎಂಬ ಕರ್ತೃವನ್ನು ತಲುಪುತ್ತವೆ. ಅದು ಚಂದ್ರಸೂರ್ಯತಾರೆಗಳಿರುವವರೆಗೆ ‘ಸಲುತ್ತಮಿರೆ’ ಎಂದು ವಾಕ್ಯದ ಮೊದಲ ಘಟ್ಟವು ಮುಗಿಯುತ್ತದೆ. ಆ ‘ಇರೆ’ ಎಂಬ ರೂಪಕ್ಕೆ ವಚನದ ಹಂಗಿಲ್ಲವಾದುದರಿಂದ, ಕರ್ತೃವು ಅರಸನೋ ಅವನ ರಾಜ್ಯವೋ ಎಂಬ ಗೊಂದಲದಲ್ಲಿ ಕಂಡರಣಕಾರನು ಸಿಕ್ಕಿಬೀಳುವ ಭಯವೇ ಇರಲಿಲ್ಲ. ಅನಂತರ ಸಾಮಂತನ ಬಿರುದುಗಳು, ಅಧಿಕಾರಿಯ ವಂಶಾವಳಿ, ತಿಥಿ, ವಾರ. ಕಡೆಗೆ ದಾನ ಮಾಡಿದವನು ಒಬ್ಬನಾದರೆ ‘ಕೊಟ್ಟಂ’, ಹಲವರಾದರೆ ‘ಕೊಟ್ಟರ್’. ಅಲ್ಲಿ ತಪ್ಪಿದರೆ ಕಲ್ಲನ್ನು ಅಳಿಸಲಾಗದು. ನನಗಾದರೋ ‘ಬ್ಯಾಕ್‌ಸ್ಪೇಸ್’ ಎಂಬ ಕೀಲಿಯಿದೆ, ಆದರೂ ತಪ್ಪಿದೆನು. ಇದೇ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದ ಶರಣರು ತುಂಡುತುಂಡಾದ ವಾಕ್ಯಗಳಲ್ಲಿ ಮಾತನಾಡಿದರೆಂಬುದನ್ನು ನಾನು ಮರೆತಿಲ್ಲ. ಆದರೆ ಗುಮಾಸ್ತರ ಪರಂಪರೆಯು ಅರಮನೆಯದು, ಅನುಭವ ಮಂಟಪದ್ದಲ್ಲ.

ದುರಸ್ತಿಯ ವಿಧಾನವೂ ಹಳೆಯದೇ. ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರಾ ಎಂಬ ಧರ್ಮಶಾಸ್ತ್ರದ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನೇ ಮೊದಲಾದ ವ್ಯಾಖ್ಯಾನಕಾರರ ಪರಂಪರೆಯಲ್ಲಿ ಅನ್ವಯವೆಂಬ ಒಂದು ಅಭ್ಯಾಸವಿದೆ. ಕ್ರಿಯಾಪದವನ್ನು ಮೊದಲು ಹಿಡಿದು, ‘ಯಾರು?’ ‘ಏನನ್ನು?’ ಎಂದು ಅದನ್ನೇ ಕೇಳುತ್ತ ಹಿಂದಕ್ಕೆ ನಡೆಯುವುದು. ಪದಗಳು ಕೂಡಿ ಅರ್ಥವಾಗಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರೂ ಬೇಕೆಂದು ಶಾಸ್ತ್ರಜ್ಞರು ಹೇಳುತ್ತಾರೆ. ನನ್ನ ವಾಕ್ಯದಲ್ಲಿ ಕ್ರಿಯೆಯ ಆಕಾಂಕ್ಷೆಯು ‘ಲೆಕ್ಕ’ವಾಗಿದ್ದರೂ ಸನ್ನಿಧಿಯಲ್ಲಿದ್ದ ‘ಚೀಟಿಗಳು’ ಅದನ್ನು ಎಳೆದುಕೊಂಡವು.

ಆದುದರಿಂದ ಈಗ ನಾನು ಪತ್ರವನ್ನು ಕಳುಹಿಸುವ ಮುನ್ನ ಕೊನೆಯ ಪದದಿಂದ ಓದತೊಡಗುತ್ತೇನೆ. ಬಂದಿವೆ. ಏನು ಬಂದಿವೆ? ಗೋದಾಮಿಗೆ: ಚತುರ್ಥಿ, ಕರ್ತೃವಲ್ಲ. ಚೀಟಿಗಳ ಸಹಿತ: ‘ಗಳ’ ಎಂಬ ಷಷ್ಠಿ, ಕರ್ತೃವಲ್ಲ. ಕಾವಲುಗಾರನೂ ಚಾಲಕನೂ: ಇವರು ಪ್ರಥಮೆಯಲ್ಲಿರುವರಾದರೂ ‘ಸಹಿ ಹಾಕಿದ’ ಎಂಬ ತಮ್ಮ ಕೆಲಸವನ್ನು ಆಗಲೇ ಮುಗಿಸಿದ್ದಾರೆ. ಚೀಲಗಳ: ಮತ್ತೆ ಷಷ್ಠಿ. ಉಳಿದದ್ದು ಲೆಕ್ಕ. ಲೆಕ್ಕ ಬಂದಿದೆ. ಕನ್ನಡದ ವಿಭಕ್ತಿಗಳು ಇಷ್ಟು ಉಪಕಾರಿಗಳಾಗಿರುವಾಗ ಕರ್ತೃವು ತಪ್ಪಿಸಿಕೊಳ್ಳುವುದಾದರೂ ಹೇಗೆ? ಒಂದೇ ಒಂದು ಬಗೆಯಲ್ಲಿ: ಪ್ರಥಮೆಯ ‘ಉ’ಕಾರವನ್ನು ನಾವು ಬಿಟ್ಟುಬಿಡುವುದರಿಂದ. ಸಣ್ಣ ವಾಕ್ಯದಲ್ಲಿ ‘ಲೆಕ್ಕ ಬಂತು’ ಎಂದರೆ ಸಾಕು. ಆದರೆ ಕರ್ತೃವಿಗೂ ಕ್ರಿಯೆಗೂ ನಡುವೆ ಎಂಟು ಹತ್ತು ಪದಗಳು ನಿಲ್ಲುವುದಾದರೆ ‘ಲೆಕ್ಕವು’ ಎಂದು ಬರೆಯುವುದು ಹಳೆಯ ಪಂಡಿತರ ಆಡಂಬರವಲ್ಲ, ಕೈಯಲ್ಲಿ ಹಿಡಿದ ಲಾಂದ್ರ. ಎರಡೂ ಬಂದಿವೆಯೆಂದೇ ಹೇಳಬೇಕಾದರೆ ‘ಸಹಿತ’ವನ್ನು ಬಿಟ್ಟು ‘ಲೆಕ್ಕವೂ ಚೀಟಿಗಳೂ ಬಂದಿವೆ’ ಎನ್ನಬೇಕು.

ಇನ್ನೊಂದು ರೋಗವು ನಮ್ಮ ಕಡೆಯ ಪತ್ರಗಳಲ್ಲಿ ಹೇರಳವಾಗಿದೆ: ‘ಮೂರು ಬಿಲ್ಲುಗಳನ್ನು ಕಳುಹಿಸಲಾಗಿವೆ.’ ‘ಅನ್ನು’ ಎಂಬುದು ಬಂದ ಮೇಲೆ ಅದು ಕರ್ಮ. ‘ಲಾಗಿದೆ’ ಎಂಬ ಪ್ರಯೋಗದಲ್ಲಿ ಕ್ರಿಯೆಯು ಕರ್ಮದ ಮುಖ ನೋಡುವುದಿಲ್ಲ. ಬಿಲ್ಲು ಒಂದಿರಲಿ, ನೂರಿರಲಿ, ‘ಕಳುಹಿಸಲಾಗಿದೆ’ ಎಂದೇ ಆಗಬೇಕು. ಈ ‘ಲಾಗಿವೆ’ಯ ಬೇರು ನಿಜಾಮರ ಆಳ್ವಿಕೆಯ ಉರ್ದು ದಫ್ತರಗಳಲ್ಲಿಯೂ ಗಡಿಯ ಮರಾಠಿಯಲ್ಲಿಯೂ ಇರಬಹುದೆಂಬುದು ನನ್ನ ಊಹೆ. ಮರಾಠಿಯಲ್ಲಿ ‘ಮೀ ಪತ್ರೇ ಪಾಠವಲೀ’ ಎನ್ನುವಾಗ ಕ್ರಿಯೆಯು ಕಳುಹಿಸಿದವನನ್ನು ಬಿಟ್ಟು ಪತ್ರಗಳನ್ನು ಅನುಸರಿಸುತ್ತದೆ. ಗ್ರಾಂಥಿಕ ಉರ್ದುವಿನ ಭೂತಕಾಲದಲ್ಲಿಯೂ ಹಾಗೆಯೇ. ಮೂರು ಭಾಷೆಗಳ ನಡುವೆ ಬೆಳೆದ ನನ್ನ ಅಜ್ಜನು ಮೂರನ್ನೂ ಶುದ್ಧವಾಗಿ ಬರೆಯುತ್ತಿದ್ದನು. ಅವುಗಳ ವ್ಯಾಕರಣವನ್ನು ಬೆರೆಸಿಕೊಂಡವನು ಮೊಮ್ಮಗನೇ.

ಇದರ ಜ್ಞಾತಿಯೊಂದು ಇನ್ನೂ ಅಪಾಯಕಾರಿ: ‘ಲೆಕ್ಕಪಾಲಕರು, ಕಳೆದ ವಾರ ಬಂದ ಬಿಲ್ಲುಗಳನ್ನು ಪರಿಶೀಲಿಸಿ, ಹಿಂದಿರುಗಿಸಲಾಗಿದೆ.’ ಲೆಕ್ಕಪಾಲಕರು ವಾಕ್ಯದ ಬಾಗಿಲಿನಲ್ಲಿಯೇ ಅನಾಥರಾಗಿ ನಿಂತರು. ಒಂದೋ ಅವರೇ ‘ಹಿಂದಿರುಗಿಸಿದ್ದಾರೆ’, ಇಲ್ಲವೇ ಅದು ‘ಲೆಕ್ಕಪಾಲಕರಿಂದ’ ಆಗಬೇಕು. ಮೊದಲನೆಯದೇ ಮೇಲು; ಬಿಲ್ಲು ಹಿಂದಿರುಗಿಸಿದವರು ಯಾರೆಂಬುದು ಅದರಲ್ಲಿ ಅಡಗುವುದಿಲ್ಲ. ಬಹುಶಃ ಅದಕ್ಕಾಗಿಯೇ ಕಚೇರಿಗಳಿಗೆ ಎರಡನೆಯದು ಪ್ರಿಯ.

ಹಾಗೆಂದು ಎಲ್ಲ ಏಕವಚನವನ್ನೂ ತಿದ್ದಲು ಹೊರಡಬಾರದು. ‘ಮೂರು ಚೀಲ ಬಂದಿದೆ’ ಎಂದು ಕಿರಿಯ ಸಹೋದ್ಯೋಗಿಯು ಬರೆದುದನ್ನು ತಿದ್ದಹೋಗಿ ನಾನು ಹಿರಿಯರಿಂದ ಬೈಸಿಕೊಂಡಿದ್ದೇನೆ. ಸಂಖ್ಯೆಯು ಮುಂದಿದ್ದಾಗ ನಪುಂಸಕ ನಾಮಪದವು ‘ಗಳು’ ಎಂಬುದನ್ನು ಬಿಟ್ಟು ನಿಲ್ಲುವುದೂ, ಕ್ರಿಯೆಯು ಏಕವಚನದಲ್ಲಿ ಬರುವುದೂ ಕನ್ನಡದ ಸಹಜ ರೂಢಿ. ‘ಮೂರು ಚೀಲಗಳು ಬಂದಿದೆ’ ಎಂಬುದೇ ತಪ್ಪು.

ಕೆಟ್ಟ ಲಾರಿಯು ಮೂರನೆಯ ದಿನ ಸರಿಹೋಯಿತು. ಸಂಜೆ ಅದು ಗೋದಾಮಿನ ಮುಂದೆ ನಿಂತಾಗ ಹಮಾಲರು ಚೀಲಗಳನ್ನು ಇಳಿಸುವವರೆಗೆ ಕಾದಿದ್ದು, ಒಂದೊಂದನ್ನೂ ಎಣಿಸಿ, ಕಲಬುರಗಿಗೆ ನಾನು ಬರೆದ ಅತ್ಯಂತ ಚಿಕ್ಕ ಪತ್ರವನ್ನು ಬರೆದೆನು: ‘ನಲವತ್ತು ಚೀಲಗಳು ಬಂದಿವೆ.’