ಬ್ಯಾಡ ಅಂದದ್ದು ಯಾಕ

ಆಗಸ್ಟ್ 4, 2025, ಸೋಮವಾರ. ದೇವಣಗಾಂವ, ರಾತ್ರಿ

ಶುಕ್ರವಾರದ ಡಿಸೈನ್ ರಿವ್ಯೂ ರೆಕಾರ್ಡಿಂಗ್ ಇಳಿಸಿಕೊಂಡೆ. 1 ತಾಸು 48 ನಿಮಿಷ. ಇದನ್ನು ಒಂದು ಪುಟದ ನಿರ್ಣಯ ದಾಖಲೆ ಮಾಡುವ ಕೆಲಸ ನನ್ನ ಪಾಲಿಗೆ ಬಂದಿದೆ.

ವಿಷಯ ನೋಡಿದರೆ ಸಣ್ಣದು. ಕಬ್ಬಿನ ನೋಂದಣಿ ಆ್ಯಪ್. ಫೀಲ್ಡ್‌ಮನ್ ಹೊಲಕ್ಕೆ ಹೋಗಿ ರೈತನ ಹೆಸರು, ಸರ್ವೆ ನಂಬರ್, ತಳಿ, ನಾಟಿ ಮಾಡಿದ ತಾರೀಖು ತುಂಬುತ್ತಾನೆ. ಭೀಮಾ ದಂಡಿಯ ಹೊಲಗಳಲ್ಲಿ ನೆಟ್‌ವರ್ಕ್ ನೆಚ್ಚಿಕೊಳ್ಳುವಂತಿಲ್ಲ. ಸಂಜೆ ಊರಿಗೆ ಬಂದ ಮೇಲೆ ಮಾಹಿತಿ ಸರ್ವರಿಗೆ ಹೋಗುತ್ತದೆ. ಹಾಗಾದರೆ ಆ ದಾಖಲೆಗೆ ಗುರುತಿನ ನಂಬರ್ ಕೊಡುವವರು ಯಾರು, ಸರ್ವರೋ ಫೋನೋ?

ಇವತ್ತು ಬರೆಯಲಿಲ್ಲ, ಬರೇ ಕೇಳಿದೆ. ಹಾಳೆಯ ಅಂಚಿಗೆ ನಿಮಿಷ, ಪಕ್ಕದಲ್ಲಿ ಒಂದಕ್ಷರ. ಪ್ರಶ್ನೆ ಇದ್ದರೆ ಪ್ರ, ಆಯ್ಕೆಗೆ ಆ, ಕಾರಣಕ್ಕೆ ಕಾ, ತೀರ್ಮಾನಕ್ಕೆ ತೀ. ಮುಗಿದಾಗ ಹಾಳೆಯಲ್ಲಿ ಒಂದೂ ತೀ ಇರಲಿಲ್ಲ.

ಆಗಸ್ಟ್ 5, ಮಂಗಳವಾರ. ಬೆಳಗ್ಗೆ

ತೀರ್ಮಾನ ಆದದ್ದು ಎಲ್ಲಿ ಅಂತ ಹುಡುಕುತ್ತ ಕೂತೆ. "ಇದನ್ನೇ ಮಾಡೂಣು" ಅಂತ ಯಾರೂ ಅಂದಿಲ್ಲ. ಆದರೆ 1:07ರ ತನಕ ಎಲ್ಲರೂ "ಫೋನಿನಾಗ ನಂಬರ್ ಹುಟ್ಟಿದರ" ಅನ್ನುತ್ತಿದ್ದವರು, ಆಮೇಲೆ "ಫೋನಿನಾಗ ಹುಟ್ಟಿದ ನಂಬರ್" ಅನ್ನತೊಡಗುತ್ತಾರೆ. ಆ ಎರಡು ಮಾತಿನ ನಡುವೆ ಆದದ್ದು ಇಷ್ಟು: ಒಬ್ಬರು ಚಹಾ ತರಲು ಎದ್ದರು, ಇನ್ನೊಬ್ಬರು ಸ್ಕ್ರೀನ್ ಹಂಚಿಕೊಂಡರು.

ಇದನ್ನು "ಸಭೆ ತೀರ್ಮಾನಿಸಿತು" ಅಂತ ಬರೆಯಲೋ? ಸುಮ್ಮನಿದ್ದವರೆಲ್ಲ ಒಪ್ಪಿದವರಲ್ಲ. ಸ್ಥಿತಿ ಅನ್ನುವ ಸಾಲಿನಲ್ಲಿ "ಒಪ್ಪಿತ" ಅಂತ ಹಾಕದೆ "ಪ್ರಸ್ತಾವ" ಅಂತಷ್ಟೇ ಹಾಕಿದೆ.

ಅದೇ ದಿನ, ಮಧ್ಯಾಹ್ನ

ಕರೆಂಟ್ ಹೋಗಿದೆ, ಲ್ಯಾಪ್‌ಟಾಪಿನಲ್ಲಿ ಚಾರ್ಜ್ ಉಳಿದಿದೆ.

ಮೊದಲ ಆಯ್ಕೆ, ನಂಬರನ್ನು ಸರ್ವರೇ ಕೊಡುವುದು. ಇದು ಐದೇ ನಿಮಿಷಕ್ಕೆ ಸತ್ತಿತು. ಹೊಲದಲ್ಲಿ ನಂಬರೇ ಇಲ್ಲದಿದ್ದರೆ ಫೀಲ್ಡ್‌ಮನ್ ತೆಗೆದ ಫೋಟೊವನ್ನು ಯಾವ ದಾಖಲೆಗೆ ಕಟ್ಟುವುದು?

ಎರಡನೆಯದು, ಪ್ರತಿ ಫೋನಿಗೆ ಮೊದಲೇ ಸಾವಿರ ನಂಬರ್ ಹಂಚಿಡುವುದು. ರಸೀದಿ ಪುಸ್ತಕ ಕೊಟ್ಟ ಹಾಗೆ. ದೊಡ್ಡ ಸರ್ ಅವರದ್ದು ಇದು. ಬಹಳ ಹೊತ್ತು ಹಿಡಿದು ಮಾತಾಡಿದರು. ನಂಬರ್ ಗಿಡ್ಡ, ರೈತ ಫೋನಿನಲ್ಲಿ ಓದಿ ಹೇಳಬಹುದು. ಇದಕ್ಕೆ ಬಂದ ಆಕ್ಷೇಪ ಎರಡು. ಫೋನ್ ಕೆಟ್ಟರೆ ಉಳಿದ ನಂಬರ್ ಹೋಗುತ್ತವೆ, ಸರಣಿಯಲ್ಲಿ ತೂತು ಬೀಳುತ್ತದೆ, ಲೆಕ್ಕ ತಪಾಸಣೆಯವರು ಕೇಳುತ್ತಾರೆ. ಇದರ ಮೇಲೆ ಹತ್ತಾರು ನಿಮಿಷ ಹೋಯಿತು. ಇನ್ನೊಂದು ಆಕ್ಷೇಪ 0:52ಕ್ಕೆ, ಟೆಸ್ಟಿಂಗ್ ಹುಡುಗಿಯದು, ಒಂದೇ ವಾಕ್ಯ: ಹಳೇ ಫೋನಿನ ಬ್ಯಾಕಪ್ ಹೊಸ ಫೋನಿಗೆ ಇಳಿಸಿ ಎರಡನ್ನೂ ಬಳಸಿದರೆ, ಎರಡೂ ಒಂದೇ ನಂಬರಿನಿಂದ ಎಣಿಸಲು ಶುರು ಮಾಡುತ್ತವೆ.

ಆಯ್ಕೆಯನ್ನು ಕೊಂದದ್ದು ಈ ವಾಕ್ಯ. ತೂತಿನಿಂದ ಕಿರಿಕಿರಿ ಅಷ್ಟೇ. ಇಬ್ಬರು ರೈತರಿಗೆ ಒಂದೇ ನಂಬರ್ ಬಿದ್ದರೆ ಒಬ್ಬನ ಕಬ್ಬು ಇನ್ನೊಬ್ಬನ ಖಾತೆಗೆ ಹೋಗುತ್ತದೆ. ಹೆಚ್ಚು ಹೊತ್ತು ಮಾತಾಡಿದ ಕಾರಣವೇ ಹೆಚ್ಚು ತೂಕದ ಕಾರಣ ಅಂತ ನಿಮಿಷ ಎಣಿಸಿ ಬರೆದಿದ್ದರೆ ದಾಖಲೆ ಸುಳ್ಳಾಗುತ್ತಿತ್ತು. ತೂತಿನ ಮಾತು ಅರ್ಧ ಸಾಲಿಗೆ ಇಳಿಯಿತು.

ರಾತ್ರಿ

ಕಾಕಾ ಬಂದಿದ್ದರು. ಹೆಡ್‌ಫೋನ್ ನೋಡಿ, "ಒಮ್ಮೆ ಮಾತಾಡಿದ್ದನ್ನ ಮತ್ತ ಯಾಕ ಕೇಳ್ತೀ?" ಅಂದರು. ಹೇಳಿದೆ. "ನಂಬರ್ ಯಾವುದರೆ ಇರ್ಲಿ, ಪಾಳಿ ತಪ್ಪಬಾರದು ನೋಡಪಾ" ಅಂದರು.

ಕಟಾವಿನ ಪಾಳಿ. ಅದು ನಾಟಿ ತಾರೀಖಿನ ಮೇಲೆ ಹೋಗುತ್ತದೆ. ರೆಕಾರ್ಡಿಂಗಿನ ಕೊನೆಗೆ ಎಲ್ಲೋ ಇದರ ಮಾತು ಇತ್ತಲ್ಲ?

ಆಗಸ್ಟ್ 6, ಬುಧವಾರ

ಸಿಕ್ಕಿತು, 1:31. ಫೋನಿನಲ್ಲಿ ನಂಬರ್ ಹುಟ್ಟಿಸಲು ಆಯ್ದದ್ದು ಯುಯುಐಡಿ, ಅದರ ಏಳನೇ ಆವೃತ್ತಿ. 2024ರ ಮೇ ತಿಂಗಳಲ್ಲಿ ಬಂದ ಆರ್‌ಎಫ್‌ಸಿ 9562ರಲ್ಲಿದೆ. ಮೊದಲ 48 ಬಿಟ್ಟಿನಲ್ಲಿ ಸಮಯ, ಮಿಲಿಸೆಕೆಂಡಿನ ಲೆಕ್ಕ. ಉಳಿದದ್ದು ಬಹುಪಾಲು ಯಾದೃಚ್ಛಿಕ. ಸೋಮವಾರ ಮಧ್ಯಾಹ್ನ ನನ್ನ ಫೋನಿನಲ್ಲಿ ಹುಟ್ಟಿಸಿದ್ದು:

```
0198746d-a6e0-7c3e-9b41-5f20d8e7a613
```

1:31ಕ್ಕೆ ಒಬ್ಬರು ಖುಷಿಯಿಂದ ಅನ್ನುತ್ತಾರೆ: ಇದು ಸಮಯದ ಪ್ರಕಾರ ತಾನೇ ಸಾಲಾಗಿ ನಿಲ್ಲುತ್ತದೆ, ಪಾಳಿಗೂ ಬಳಸಬಹುದು. ಯಾರೂ ಹೌದು ಅನ್ನಲಿಲ್ಲ, ಇಲ್ಲ ಅನ್ನಲೂ ಇಲ್ಲ. ಮಾತು ಬೇರೆ ಕಡೆ ಹೊರಳಿತು. ಆದರೆ ಇದರಲ್ಲಿರುವುದು ಫೋನಿನ ಗಡಿಯಾರ, ಅದೂ ನೋಂದಣಿಯ ಹೊತ್ತು. ಗಡಿಯಾರ ತಪ್ಪಿದ ಫೋನಿನಲ್ಲಿ ಅದೂ ಸುಳ್ಳು. ಮೊದಲು ನಾಟಿ ಮಾಡಿ ತಡವಾಗಿ ನೋಂದಾಯಿಸಿದವನು ಹಿಂದೆ ಬೀಳುತ್ತಾನೆ.

ಇದನ್ನು ಬರೆಯಬೇಕು, ಆದರೆ ಸಭೆ ಹೇಳಿದ್ದು ಅಂತ ಬರೆಯುವ ಹಾಗಿಲ್ಲ. ಕೊನೆಗೆ ಪರಿಣಾಮಗಳ ಅಡಿಯಲ್ಲಿ: "ಪಾಳಿಗೆ ಈ ನಂಬರ್ ಬಳಸತಕ್ಕದ್ದಲ್ಲ. (ಸಭೆಯಲ್ಲಿ ಚರ್ಚೆಯಾಗಿಲ್ಲ, ಬರೆದವನ ಸೇರ್ಪಡೆ, ಒಪ್ಪಿಗೆ ಬೇಕು.)"

ಸಂಜೆ

ನಾಲ್ಕನೇ ಆವೃತ್ತಿ ಯಾಕೆ ಬೇಡ ಅನ್ನುವಲ್ಲಿ ಸಿಕ್ಕಿಬಿದ್ದೆ. ಅದು ಹೆಚ್ಚುಕಡಿಮೆ ಪೂರಾ ಯಾದೃಚ್ಛಿಕ. ಡೇಟಾಬೇಸಿನ ಇಂಡೆಕ್ಸ್ ಚೆದರುತ್ತದೆ, ನಿಧಾನ ಆಗುತ್ತದೆ ಅಂದರು. ಮಾತು ಸುಳ್ಳಲ್ಲ, ಆದರೆ ಕೋಟಿಗಟ್ಟಲೆ ಸಾಲುಗಳಿದ್ದಾಗ. ಒಂದು ಹಂಗಾಮಿನ ನೋಂದಣಿಗೆ ಆ ವ್ಯತ್ಯಾಸ ಕಣ್ಣಿಗೂ ಬೀಳದು. ಕೇಳಿದ ಹಾಗೆ ಬರೆದರೆ ದೊಡ್ಡ ಕಾರಣದ ಹಾಗೆ ಕಾಣುತ್ತದೆ. ಮುಂದೆ ಯಾರೋ ಅದನ್ನೇ ನಂಬಿ ಇನ್ನೊಂದು ಕಡೆ ದುಡ್ಡು ಸುರಿಯುತ್ತಾರೆ. ಹೀಗೆ ಬರೆದೆ: "ಇದೂ ನಡೆಯುತ್ತಿತ್ತು. ದೋಷ ಹುಡುಕುವಾಗ ದಾಖಲೆ ಸುಮಾರು ಯಾವಾಗ ಹುಟ್ಟಿತೆಂದು ಕಾಣುವುದರಿಂದ ಏಳನೆಯದು ಕೊಂಚ ಮೇಲು." ಇಂಥ ಸಪ್ಪೆ ಸಾಲಿಗೆ ಧೈರ್ಯ ಬೇಕು.

ಆಗಸ್ಟ್ 7, ಗುರುವಾರ. ರಾತ್ರಿ

ನಿರ್ಣಯ ದಾಖಲೆಗೆ ಮೈಕೆಲ್ ನೈಗಾರ್ಡ್ 2011ರಲ್ಲಿ ಕೊಟ್ಟ ಚೌಕಟ್ಟಿನಲ್ಲಿ ಐದೇ ಭಾಗ: ಶೀರ್ಷಿಕೆ, ಸ್ಥಿತಿ, ಹಿನ್ನೆಲೆ, ನಿರ್ಣಯ, ಪರಿಣಾಮಗಳು. ಬಿಟ್ಟ ಆಯ್ಕೆಗಳಿಗೆ ಅಲ್ಲಿ ಬೇರೆ ಜಾಗ ಇಲ್ಲ. ನಾನು ಸೇರಿಸಿದೆ. ಆರು ತಿಂಗಳಾದ ಮೇಲೆ ಹೊಸಬರು ಬಂದು ಕೇಳುವುದು "ನಂಬರ್ ಹಂಚಿಟ್ಟರೆ ಆಗೂದಿಲ್ಲೇನ್ರೀ?" ಅಂತಲೇ. ಉತ್ತರ ಅಲ್ಲಿರಬೇಕು, ಮತ್ತೆ ಯಾವಾಗ ಆ ಬಾಗಿಲು ತೆರೆಯಬಹುದು ಅನ್ನುವುದೂ. ಹಂಚಿಕೆಯ ಎದುರಿಗೆ: "ಒಂದು ಬ್ಯಾಕಪ್ ಎರಡು ಫೋನಿನಲ್ಲಿ ಇಳಿಯದಂತೆ ತಡೆಯಲು ಸಾಧ್ಯವಾದರೆ ಮರುವಿಚಾರ."

ರೈತನಿಗೆ ಓದಲು ಬರುವ ಗಿಡ್ಡ ನಂಬರನ್ನು ಮಾಹಿತಿ ತಲುಪಿದ ಮೇಲೆ ಸರ್ವರ್ ಕೊಡುತ್ತದೆ. ಇದು ದೊಡ್ಡ ಸರ್ ಅವರ ಚಿಂತೆಯಿಂದಲೇ ಬಂದದ್ದು. ನಿರ್ಣಯದಲ್ಲಿ ಆ ಕಾರಣವನ್ನೂ ಹಾಕಿದೆ. 36 ಅಕ್ಷರ ಯಾರು ಓದಿ ಹೇಳುತ್ತಾರೆ?

ಪ್ರತಿ ಕಾರಣದ ಮುಂದೆ ರೆಕಾರ್ಡಿಂಗಿನ ನಿಮಿಷ. ಹೆಸರು ಹಾಕಲಿಲ್ಲ. ಯಾರದ್ದು ಸೋತಿತು ಅನ್ನುವುದು ದಾಖಲೆಗೆ ಬೇಡ.

ಒಂದು ಮಾತ್ರ ಕೊರೆಯುತ್ತಿದೆ. 1:04ಕ್ಕೆ ದೊಡ್ಡ ಸರ್, "ಆಯ್ತು ಬಿಡ್ರಿ, ನಿಮ್ಮ ಮನಸ್ಸಿಗೆ ಬಂದಂಗ" ಅಂದರು. ಬ್ಯಾಕಪ್ಪಿನ ಮಾತು ಅವರಿಗೆ ಮನವರಿಕೆಯಾಗಿ ಅಂದರೋ, ಸಾಕಾಗಿ ಅಂದರೋ? ದನಿ ಮತ್ತೆ ಮತ್ತೆ ಕೇಳಿದರೂ ಗೊತ್ತಾಗುತ್ತಿಲ್ಲ.

ಆಗಸ್ಟ್ 8, ಶುಕ್ರವಾರ. ಬೆಳಗ್ಗೆ

ಕರಡನ್ನು ಎಲ್ಲರಿಗೂ ಕಳಿಸಿದೆ. "ನೋಡಿ ಹೇಳಿ" ಅಂದರೆ ಎಲ್ಲರೂ ಹೆಬ್ಬೆರಳು ಒತ್ತಿ ಮುಗಿಸುತ್ತಾರೆ. ಅದಕ್ಕೇ ಕೇಳಿದ್ದು: ನಿಮ್ಮ ಕಾರಣವನ್ನು ಇಲ್ಲಿ ತಪ್ಪಾಗಿ ಬರೆದ ಸಾಲು ಯಾವುದು?

ದೊಡ್ಡ ಸರ್ ಅವರಿಗೆ ಬೇರೆಯಾಗಿ ಫೋನ್ ಮಾಡಿದೆ. ಎತ್ತಲಿಲ್ಲ.

ಮಧ್ಯಾಹ್ನ

ಟೆಸ್ಟಿಂಗ್ ಹುಡುಗಿಯ ಉತ್ತರ: ಬ್ಯಾಕಪ್ಪಿನಿಂದ ಹೀಗಾಗುವುದನ್ನು ತಾನು ಕಣ್ಣಾರೆ ಕಂಡಿಲ್ಲ, ಊಹೆಯಿಂದ ಹೇಳಿದ್ದು, ಸೋಮವಾರ ಎರಡು ಫೋನಿನಲ್ಲಿ ಮಾಡಿ ನೋಡುತ್ತಾಳಂತೆ. ಆ ಸಾಲಿಗೆ "ಪರೀಕ್ಷಿಸಿಲ್ಲ" ಅಂತ ಸೇರಿಸಿದೆ. ಸ್ಥಿತಿ ಇನ್ನೂ ಪ್ರಸ್ತಾವವೇ.