ಸೌತೆಕಾಯಿ ಸಾಹೇಬರು

ಟೋಕಿಯೋಗೆ ಬಂದ ಮೊದಲ ತಿಂಗಳಲ್ಲೇ ನಾನೊಂದು ಸೌತೆಕಾಯಿಗೆ ‘ಸಾಹೇಬ್ರೇ’ ಅಂದುಬಿಟ್ಟಿದ್ದೆ.

ಆಫೀಸಿನವರು ಎರಡು ವರ್ಷಕ್ಕೆ ಅಂತ ಕಳಿಸಿದ್ದರು. ಮನೆ ಹತ್ತಿರ ಒಂದು ಪುಟ್ಟ ತರಕಾರಿ ಅಂಗಡಿ. ಆ್ಯಪ್‌ನಲ್ಲಿ ಕಲಿತ ಜಪಾನೀಸ್ ನನಗೆ ಧಾರಾಳವಾಗಿ ಸಾಕು ಅನ್ನೋ ಧೈರ್ಯ ಇತ್ತು. ಸೌತೆಕಾಯಿಗೆ ‘ಕ್ಯೂರಿ’, ಮೂರಕ್ಕೆ ‘ಸನ್’, ಕೊಡಿ ಅನ್ನೋದಕ್ಕೆ ‘ಕುದಸೈ’. ಮೂರನ್ನೂ ಜೋಡಿಸಿ ‘ಕ್ಯೂರಿ ಸನ್ ಕುದಸೈ’ ಅಂದೆ. ಅಂಗಡಿಯ ಅಜ್ಜ ಒಂದು ಕ್ಷಣ ನನ್ನನ್ನು ನೋಡಿ, ಆಮೇಲೆ ಬುಟ್ಟಿಯಲ್ಲಿದ್ದ ಸೌತೆಕಾಯಿಗೆ ಬಗ್ಗಿ ನಮಸ್ಕಾರ ಮಾಡಿದರು. ಅಲ್ಲಿ ಹೆಸರಿನ ಮುಂದೆ ‘ಸನ್’ ಹಚ್ಚಿದರೆ ಅದು ನಮ್ಮ ‘ಅವರು’ ಇದ್ದ ಹಾಗೆ. ನಾನು ಕೇಳಿದ್ದು ಮೂರು ಸೌತೆಕಾಯಿಯನ್ನಲ್ಲ, ಶ್ರೀಮಾನ್ ಸೌತೆಕಾಯಿಯವರನ್ನು!

ಆಮೇಲೆ ಅವರೇ ಮೂರು ಬೆರಳು ತೋರಿಸಿ ತಿದ್ದಿದರು: ‘ಸಂಬೊನ್.’

ಜಪಾನೀಸ್‌ನಲ್ಲಿ ಬರೀ ಸಂಖ್ಯೆ ಹೇಳಿದರೆ ಎಣಿಕೆ ಮುಗಿಯಲ್ಲ. ಎಣಿಸೋ ವಸ್ತು ಯಾವ ಜಾತಿಯದ್ದು ಅಂತ ಹೇಳೋ ತುಣುಕೊಂದನ್ನು ಸಂಖ್ಯೆಗೆ ಅಂಟಿಸಬೇಕು. ಉದ್ದಕ್ಕೆ ಇರೋದಕ್ಕೆ ‘ಹೊನ್’: ಸೌತೆಕಾಯಿ, ಪೆನ್ಸಿಲ್, ಛತ್ರಿ, ಬಿಯರ್ ಬಾಟಲಿ. ಚಪ್ಪಟೆ ಇರೋದಕ್ಕೆ ‘ಮೈ’: ಟಿಕೆಟ್, ತಟ್ಟೆ, ಶರ್ಟು. ಬೆಕ್ಕು, ಮೀನಿಗೆ ‘ಹಿಕಿ’, ಆನೆ ಕುದುರೆಗೆ ‘ತೊ’. ಹಕ್ಕಿಗೆ ‘ವ’, ಮೊಲಕ್ಕೂ ‘ವ’ ಅನ್ನೋದು ಹಳೆಯ ರೂಢಿ. ಇಷ್ಟಾದರೆ ಕಣ್ಣಳತೆಯಲ್ಲೇ ನಿಭಾಯಿಸಬಹುದಿತ್ತು. ಆದರೆ ಫೋನ್ ಕಾಲ್‌ಗೂ ‘ಹೊನ್’, ಸಿನಿಮಾಗೂ ‘ಹೊನ್’, ಬೇಸ್‌ಬಾಲ್‌ನ ಹೋಮ್ ರನ್‌ಗೂ ‘ಹೊನ್’. ತಂತಿಯ ಉದ್ದ, ರೀಲಿನ ಉದ್ದ, ಚೆಂಡು ಹಾರಿದ ದಾರಿಯ ಉದ್ದ ಅಂತ ಆಮೇಲೆ ಅರ್ಥ ಹಚ್ಚಿಕೊಳ್ಳಬಹುದು, ಮೊದಲೇ ಊಹಿಸೋಕಾಗಲ್ಲ.

ಸಂಜೆ ಕ್ಲಾಸಿನ ಟೀಚರ್ ಒಮ್ಮೆ, ‘ನಿಮ್ಮ ಭಾಷೆಯಲ್ಲಿ ಹೀಗೆಲ್ಲ ಇಲ್ವಾ?’ ಅಂತ ಕೇಳಿದರು. ಯೋಚನೆಯನ್ನೇ ಮಾಡದೆ ‘ಇಲ್ಲ’ ಅಂದೆ. ಕೊತ್ತಂಬರಿ ಸೊಪ್ಪಿಗೆ ಕಟ್ಟು, ಮಲ್ಲಿಗೆಗೆ ಮೊಳ, ಬಾಳೆಹಣ್ಣಿಗೆ ಚಿಪ್ಪು ಅಂತ ನಮ್ಮಲ್ಲೂ ಇದೆ ನಿಜ. ಅವು ಅಳತೆಗಳು. ಸೊಪ್ಪನ್ನು ಎಲೆ ಎಲೆ ಎಣಿಸೋಕಾಗದೆ ಕಟ್ಟು ಮಾಡ್ತೀವಿ, ಎರಡು ಕಟ್ಟು ಅಂದರೆ ಎಷ್ಟು ಅನ್ನೋದು ಗೊತ್ತಾಗುತ್ತೆ. ‘ಹೊನ್’ ಎಷ್ಟು ಅಂತ ಹೇಳೋದೇ ಇಲ್ಲ. ಸೌತೆಕಾಯಿ ಮೊದಲೇ ಬಿಡಿಬಿಡಿಯಾಗಿದೆ, ‘ಮೂರು’ ಅಂದರೆ ಸಾಕಿತ್ತು. ಅದರ ಜಾತಿಯನ್ನೂ ಹೇಳು ಅಂತ ಭಾಷೆ ಹಟ ಹಿಡಿಯುತ್ತೆ. ಅಂಥ ಹಟ ಕನ್ನಡಕ್ಕಿಲ್ಲ ಅಂತಲೇ ನಾನು ನಂಬಿದ್ದೆ.

ಅಪ್ಪ ಹೋಗಿ ಐದು ತಿಂಗಳಾದ ಮೇಲೆ ಅಮ್ಮನನ್ನು ಮೂರು ವಾರಕ್ಕೆ ಅಂತ ಟೋಕಿಯೋಗೆ ಕರೆಸಿಕೊಂಡೆ. ಅಮ್ಮ ಮೈಸೂರಿನಲ್ಲಿ ಹೈಸ್ಕೂಲ್ ಕನ್ನಡ ಟೀಚರ್ ಆಗಿದ್ದವರು. ಬಂದ ಮೊದಲ ವಾರ ಹೆಚ್ಚು ಮಾತಿಲ್ಲ, ಬಾಲ್ಕನಿಯಲ್ಲಿ ಕೂತು ರೈಲು ನೋಡುತ್ತಿದ್ದರು. ನಾನೂ ಹೆಚ್ಚು ಕೇಳಲಿಲ್ಲ. ಅದೊಂದು ಸಂಜೆ ನನ್ನ ನೋಟ್‌ಬುಕ್ ಅವರ ಕೈಗೆ ಸಿಕ್ಕಿತು. ಬಾಯಿಪಾಠಕ್ಕೆ ಅಂತ ನಾನು ಕನ್ನಡದಲ್ಲಿ ಬರೆದುಕೊಂಡಿದ್ದ ಪಟ್ಟಿ: ಇಪ್ಪೊನ್, ನಿಹೊನ್, ಸಂಬೊನ್, ಯೊನ್‌ಹೊನ್, ಗೊಹೊನ್, ರೊಪ್ಪೊನ್.

‘ಇದೇನೋ, ಒಂದ್ಸಲ ಪೊನ್, ಒಂದ್ಸಲ ಹೊನ್, ಇನ್ನೊಂದ್ಸಲ ಬೊನ್?’

‘ಅದೇಮ್ಮ ಕಷ್ಟ. ಒಂದೇ ಪದ, ಸಂಖ್ಯೆ ಬದಲಾದ ಹಾಗೆ ಬದಲಾಗುತ್ತೆ. ತಲೆಬುಡ ಇಲ್ಲ.’

‘ತಲೆಬುಡ ಇಲ್ದೆ ಏನು? ಹತ್ತು, ಇಪ್ಪತ್ತು, ಎಂಬತ್ತು ಅನ್ನೋವಾಗ ನೀನು ಏನು ಮಾಡ್ತೀಯ?’

ನಾನು ಸುಮ್ಮನಾದೆ. ಅಮ್ಮ ಪೆನ್ನು ತಗೊಂಡರು. ಎಷ್ಟೋ ದಿನಗಳ ಮೇಲೆ ಅವರಿಗೆ ಕ್ಲಾಸ್‌ರೂಮಿನ ದನಿ ಬಂದಿತ್ತು. ಹಳಗನ್ನಡದಲ್ಲಿ ಹತ್ತು ‘ಪತ್ತು’ ಆಗಿತ್ತು, ಹಾಲು ‘ಪಾಲ್’ ಆಗಿತ್ತು. ಆಮೇಲೆ ಪದದ ಮೊದಲಿನ ಪಕಾರ ಹಕಾರವಾಯಿತು. ಆದರೆ ‘ಇಪ್ಪತ್ತು’ ಅನ್ನೋದರಲ್ಲಿ ಪಕಾರಕ್ಕೆ ಒತ್ತು ಇದೆ, ಅದು ಅಲುಗಲಿಲ್ಲ. ‘ಎಂಬತ್ತು’, ‘ತೊಂಬತ್ತು’ಗಳಲ್ಲಿ ಹಿಂದೆ ಅನುನಾಸಿಕ ಇತ್ತು, ಪಕಾರ ಬಕಾರವಾಯಿತು. ಹ, ಪ್ಪ, ಂಬ. ನನ್ನ ನೋಟ್‌ಬುಕ್ಕಿನಲ್ಲೂ ಅದೇ ಮೂರು!

ಮರುದಿನ ಟೀಚರನ್ನು ಕೇಳಿದೆ. ಹೌದಂತೆ, ಜಪಾನೀಸ್‌ನ ಹಕಾರವೂ ಒಂದು ಕಾಲಕ್ಕೆ ಪಕಾರವೇ. ಒತ್ತು ಬಂದ ಕಡೆ ಇಪ್ಪೊನ್, ರೊಪ್ಪೊನ್ ಅಂತ ಹಾಗೇ ಉಳಿದಿದೆ. ಎರಡು ಭಾಷೆಗಳಿಗೆ ನೆಂಟಸ್ತಿಕೆ ಇದೆ ಅಂತ ಇದರರ್ಥವಲ್ಲ, ಬಾಯಿ ಎಲ್ಲ ಊರಲ್ಲೂ ಒಂದೇ ಥರ ಸೋಮಾರಿ ಅಷ್ಟೇ. ಅಮ್ಮನ ಸೂತ್ರಕ್ಕೂ ಒಂದು ಕಡೆ ಪೆಟ್ಟು ಬೀಳುತ್ತೆ. ‘ಯೊನ್’ ಕೂಡ ನಕಾರದಲ್ಲೇ ಮುಗಿದರೂ ನಾಲ್ಕಕ್ಕೆ ‘ಯೊಂಬೊನ್’ ಆಗಲ್ಲ, ‘ಯೊನ್‌ಹೊನ್’. ಆ ‘ಯೊನ್’ ಚೀನಾದಿಂದ ಬಂದ ಸಂಖ್ಯೆಗಳ ಸಾಲಿಗೆ ಆಮೇಲೆ ಸೇರಿಕೊಂಡ ದೇಸಿ ಪದ. ಅದನ್ನು ಮಾತ್ರ ಬಾಯಿಪಾಠ ಮಾಡಬೇಕು.

ಆ ಭಾನುವಾರ ಇಬ್ಬರೂ ಸೋಬಾ ನೂಡಲ್ಸ್ ತಿನ್ನೋಕೆ ಹೊರಟೆವು. ಹೋಟೆಲ್ ಬಾಗಿಲಲ್ಲಿ ಹುಡುಗಿ ಎಷ್ಟು ಜನ ಅಂತ ಕೇಳಿದಳು. ಒಂದು ವರ್ಷದಿಂದ ಅದೇ ಬಾಗಿಲಲ್ಲಿ ನನ್ನದು ಒಂದೇ ಉತ್ತರ: ‘ಹಿತೊರಿ.’ ಅವತ್ತು ‘ಫುತರಿ’ ಅಂದೆ.

ಕೂತ ಮೇಲೆ ಅಮ್ಮ ಕೇಳಿದರು, ‘ಜನಕ್ಕೂ ಬೇರೆ ಲೆಕ್ಕಾನಾ?’

ಹೂಂ ಅಂದೆ. ಜನಕ್ಕೆ ‘ನಿನ್’. ಮೂರು ಜನಕ್ಕೆ ‘ಸನ್ನಿನ್’, ಐದು ಜನಕ್ಕೆ ‘ಗೊನಿನ್’. ಆದರೆ ಮೊದಲ ಎರಡು ಮಾತ್ರ ಈ ಸಾಲಿಗೆ ಸೇರಲ್ಲ, ಹಳೇ ಕಾಲದ ಹಿತೊರಿ, ಫುತರಿಗಳೇ ಉಳಿದುಕೊಂಡಿವೆ.

‘ನಮ್ಮಲ್ಲೂ ಹಾಗೇ ತಾನೆ?’ ಅಂದರು ಅಮ್ಮ. ‘ಒಬ್ಬರು, ಇಬ್ಬರು. ಆಮೇಲೆ ಮೂರು ಜನ, ನಾಲ್ಕು ಜನ. ಬರೆಯೋವಾಗ ಮೂವರು, ನಾಲ್ವರು, ಐವರು ಅಂತೀವಿ, ಮಾತಲ್ಲಿ ಇಬ್ಬರು ಆದ್ಮೇಲೆ ಜನವೇ. ಹಸು ಎರಡು, ಹುಡುಗರು ಇಬ್ಬರು. ಹಸು ಇಬ್ಬರು ಅಂದ್ರೆ ಯಾರಾದ್ರೂ ನಗ್ತಾರೆ.’

ಟೀಚರ್ ಕೇಳಿದಾಗ ನಾನು ‘ಇಲ್ಲ’ ಅಂದಿದ್ದೆನಲ್ಲ, ಇದು ಎಲ್ಲಿಗೆ ಹೋಗಿತ್ತು? ಕನ್ನಡ ವಸ್ತುಗಳ ಆಕಾರ ಕೇಳಲ್ಲ, ನಿಜ. ಆದರೆ ಎಣಿಸ್ತಿರೋದು ಮನುಷ್ಯರನ್ನಾ ಅಲ್ವಾ ಅನ್ನೋದನ್ನು ಪ್ರತಿ ಸಲ ಕೇಳುತ್ತೆ. ಒಬ್ಬರೇ ಆದರೆ ಒಬ್ಬನಾ, ಒಬ್ಬಳಾ ಅಂತಲೂ ಕೇಳುತ್ತೆ, ಜಪಾನೀಸ್ ಅಷ್ಟು ಕೇಳಲ್ಲ. ನಾವು ಎಷ್ಟು ಸಲೀಸಾಗಿ ಉತ್ತರ ಕೊಡ್ತೀವಿ ಅಂದರೆ, ಪ್ರಶ್ನೆ ಇದೆ ಅನ್ನೋದೇ ಗೊತ್ತಾಗಲ್ಲ.

ನೂಡಲ್ಸ್ ಬಂತು. ಅಮ್ಮ ಬಟ್ಟಲು ನೋಡುತ್ತಾ, ‘ಹಾಲಿನವನು ಕೇಳ್ದ ಕಣೋ,’ ಅಂದರು. ‘ಒಂದು ಲೀಟರ್ ಬೇಡ ಅಂದಿದ್ದಕ್ಕೆ, ಯಾಕಮ್ಮ, ಮನೇಲಿ ಎಷ್ಟು ಜನ ಈಗ ಅಂತ. ಒಬ್ಬಳು ಅನ್ನೋಕೆ ನನಗೆ ಬಾಯೇ ಬರಲಿಲ್ಲ. ಅರ್ಧ ಲೀಟರ್ ಸಾಕು ಅಂದೆ.’

ಅಪ್ಪನ ಬಗ್ಗೆ ಆ ಮೂರು ವಾರದಲ್ಲಿ ಅಮ್ಮ ತಾವಾಗಿ ಎತ್ತಿದ ಮೊದಲ ಮಾತು ಅದು. ಅಳತೆ ಹೇಳೋದು ಸುಲಭ, ಎಣಿಸೋದು ಕಷ್ಟ. ಅವತ್ತು ಹೋಟೆಲ್ ಮುಚ್ಚೋವರೆಗೂ ಅಮ್ಮ ಮಾತಾಡಿದರು.

ಊರಿಗೆ ಹೋದ ವಾರ ಅಮ್ಮನಿಂದ ವಾಟ್ಸ್ಯಾಪ್ ಬಂತು: ‘ಮಾರ್ಕೆಟ್‌ಗೆ ಹೋಗಿದ್ದೆ. ಸೌತೆಕಾಯಿ ಇಪ್ಪೊನ್ ತಂದೆ. ಒಬ್ಬಳಿಗೆ ಸಾಕು.’