ಹದಿನೈದು ಗೇರುಬೀಜ, ಮೂರು ಅಡಿಕೆ

ಕರೆಂಟಿನ ಮಟ್ಟಿಗೆ ನಮ್ಮ ಉತ್ತರ ಕನ್ನಡದವರಷ್ಟು ಸಿರಿವಂತರು ಬೇರೆ ಯಾರೂ ಇರಲಿಕ್ಕಿಲ್ಲ. ಕಾಳಿ ನದಿಯನ್ನು ಸೂಪಾದಲ್ಲಿ ಒಮ್ಮೆ ಕಟ್ಟಿ, ಕೊಡಸಳ್ಳಿಯಲ್ಲಿ ಕಟ್ಟಿ, ಕದ್ರಾದಲ್ಲಿ ಮತ್ತೆ ಕಟ್ಟಿ ಕರೆಂಟು ತೆಗೆಯುತ್ತಾರೆ. ಅದು ಸಾಲದು ಅಂತ ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ಅಣು ಘಟಕಗಳಿವೆ. ಅವುಗಳಲ್ಲಿ ಮೊದಲನೆಯದು 2018ರ ಡಿಸೆಂಬರ್ ಕೊನೆಯವರೆಗೆ 962 ದಿನ ಒಂದು ಕ್ಷಣವೂ ನಿಲ್ಲದೆ ಓಡಿ ಆಗಿನ ವಿಶ್ವದಾಖಲೆ ಮಾಡಿತು. ಇಷ್ಟೆಲ್ಲ ಇದ್ದೂ ಜೂನ್ ತಿಂಗಳಲ್ಲಿ ಅಂಕೋಲೆಯ ಒಂದು ಮಾವಿನ ಟೊಂಗೆಗೆ ತಂತಿಯ ಮೇಲೆ ಒರಗಬೇಕು ಅನ್ನಿಸಿದರೆ ಮುಗಿಯಿತು. ಆ ರಾತ್ರಿ ನಮ್ಮ ಕೇರಿಗೆ ಅಣುವೂ ಇಲ್ಲ, ನದಿಯೂ ಇಲ್ಲ. ಲೈನ್‌ಮನ್ ಆದರೂ ಏನು ಮಾಡಿಯಾನು? ಆ ಮಳೆಯಲ್ಲಿ ಕಂಬ ಹತ್ತು ಎಂದು ಹೇಳುವ ಧೈರ್ಯ ನನಗಂತೂ ಇಲ್ಲ.

ನಾವಿರುವುದು ಕಾರವಾರದಲ್ಲಿ. ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ಬಿಣಗಾ, ಅರಗಾ, ಅಮದಳ್ಳಿ, ಅವರ್ಸಾ ದಾಟಿದರೆ ಅಂಕೋಲೆಯ ಅಪ್ಪನ ಮನೆ. ಈ ದಾರಿಯಲ್ಲಿ ಸಮುದ್ರ ಬಲಗಡೆ ಕಂಡು ಮರೆಯಾಗಿ ಮತ್ತೆ ಕಾಣುತ್ತದೆ. ನನ್ನ ಒಂಬತ್ತು ವರ್ಷದ ಮಗಳು ಅದನ್ನು ನೋಡುವುದಿಲ್ಲ, ಮೊಬೈಲ್ ನೋಡುತ್ತಾಳೆ. ಹಾಗಾಗಿ ಮನೆ ಮುಟ್ಟುವ ಹೊತ್ತಿಗೆ ಅದರ ಚಾರ್ಜು ಖಾಲಿ. ಒಂದು ಶನಿವಾರ ಸಂಜೆ ಏಳಕ್ಕೆ ಕರೆಂಟೂ ಹೋಯಿತು. ಅವಳು ಜಗುಲಿಯ ಕಂಬಕ್ಕೊರಗಿ ಕೂತು, ಕರೆಂಟು ಯಾವಾಗ ಬರುತ್ತದೆ ಎಂದು ಎರಡೆರಡು ನಿಮಿಷಕ್ಕೆ ಕೇಳತೊಡಗಿದಳು. ಅಪ್ಪ ಆರನೆಯ ಸಲದವರೆಗೆ ತಡೆದುಕೊಂಡ. ಆಮೇಲೆ ಎದ್ದು ಬಚ್ಚಲೊಲೆಯಿಂದ ಒಂದು ತುಂಡು ಇದ್ದಲು ತಂದ.

ಮೇಣದಬತ್ತಿಯ ಬೆಳಕಿನಲ್ಲಿ, ಸಿಮೆಂಟಿನ ನೆಲದ ಮೇಲೆ, ಅಪ್ಪ ಬರೆದದ್ದು ಹುಲಿ-ಕುರಿ ಆಟದ ಮನೆ. ಮೇಲೊಂದು ತುದಿ. ಅಲ್ಲಿಂದ ಕೆಳಕ್ಕೆ ಅಗಲವಾಗುತ್ತ ಹೋಗುವ ನಾಲ್ಕು ಗೆರೆ. ಆ ನಾಲ್ಕನ್ನೂ ಅಡ್ಡಲಾಗಿ ಕೊಯ್ಯುವ ಮೂರು ಗೆರೆ, ಎರಡೂ ಬದಿಗೆ ಸ್ವಲ್ಪ ಹೊರಚಾಚಿದಂತೆ. ಚಾಚಿದ ತುದಿಗಳನ್ನು ಆಚೆ ಒಂದು, ಈಚೆ ಒಂದು ನಿಂತ ಗೆರೆಯಿಂದ ಜೋಡಿಸಿದ. ಕೊನೆಗೆ ಕೆಳಗಿನ ನಾಲ್ಕು ಕಾಲುಗಳಿಗೆ ಒಂದು ಅಡ್ಡಗೆರೆ. ಗೆರೆ ಗೆರೆ ಕೂಡುವಲ್ಲಿ ಒಂದೊಂದು ಮನೆ. "ಎಣಿಸು" ಅಂದ. ಮಗಳು ಬೆರಳಿಟ್ಟು ಎಣಿಸಿದಳು. ತುದಿಗೆ ಒಂದು, ಅಡ್ಡಗೆರೆಯ ಮೇಲೆ ಆರಾರರಂತೆ ಹದಿನೆಂಟು, ಕೆಳಗೆ ನಾಲ್ಕು, ಒಟ್ಟು 23. ದೇವಸ್ಥಾನದ ಕಲ್ಲುಹಾಸಿನ ಮೇಲೆ ಇಂಥ ಮನೆಗಳನ್ನು ಉಳಿಯಿಂದ ಕೆತ್ತಿಟ್ಟದ್ದನ್ನು ನಾನು ನೋಡಿದ್ದೆ. ನಮ್ಮ ಜಗುಲಿಯಲ್ಲಿ ಮಾತ್ರ ಅಮ್ಮ ಬೆಳಗ್ಗೆ ಒರೆಸಿ ಹಾಕುವವರೆಗೆ ಅದರ ಆಯಸ್ಸು.

ಕಾಯಿಗೆ ಏನು? ಅಮ್ಮ ಬೇಸಿಗೆಯಲ್ಲಿ ಒಣಗಿಸಿಟ್ಟ ಗೇರುಬೀಜದಲ್ಲಿ ಹದಿನೈದು ಕುರಿಗಳಾದವು. ಅಪ್ಪನ ಕವಳದ ಸಂಚಿಯಿಂದ ಮೂರು ಅಡಿಕೆ ಹುಲಿಗಳಾಗಿ ಬಂದವು. "ಲೆಕ್ಕ ಮಾಡಿ ಕೊಟ್ಟಿದ್ದೇನೆ, ಲೆಕ್ಕ ಮಾಡಿ ತಕೊಳ್ತೇನೆ" ಎಂದು ಒಳಗಿನಿಂದ ಅಮ್ಮನ ದನಿ ಬಂತು.

ಅಪ್ಪ ಹೇಳಿದ ಕಾನೂನು ಇಷ್ಟೇ. ಒಂದು ಹುಲಿ ತುದಿಯಲ್ಲಿ, ಇನ್ನೆರಡು ಅದರ ಕೆಳಗೆ ನಡುವಿನ ಎರಡು ಗೆರೆಗಳ ಮೇಲೆ ಕೂತಿರುತ್ತವೆ. ಕುರಿಯವನು ಒಂದು ಕುರಿ ಇಡಬೇಕು, ಹುಲಿಯವನು ಒಂದು ಹೆಜ್ಜೆ ನಡೆಯಬೇಕು. ಹದಿನೈದೂ ಕುರಿ ಇಟ್ಟು ಮುಗಿಯುವವರೆಗೆ ಇಟ್ಟ ಕುರಿ ಕದಲುವಂತಿಲ್ಲ. ಹುಲಿಯ ಪಕ್ಕದ ಮನೆಯಲ್ಲಿ ಕುರಿಯಿದ್ದು, ಅದೇ ನೇರದಲ್ಲಿ ಆಚೆಯ ಮನೆ ಖಾಲಿಯಿದ್ದರೆ ಹುಲಿ ಹಾರಿ ಕುರಿಯನ್ನು ತಿನ್ನುತ್ತದೆ. ಐದು ಕುರಿ ಹೋದರೆ ಹುಲಿ ಗೆದ್ದಿತು. ಮೂರೂ ಹುಲಿಗಳು ಕದಲದಂತೆ ಕಟ್ಟಿಹಾಕಿದರೆ ಕುರಿ ಗೆದ್ದಿತು. ಐದು ಎನ್ನುವುದು ನಮ್ಮ ಮನೆಯ ಲೆಕ್ಕ. ಬೇರೆ ಊರಲ್ಲಿ ಹೆಚ್ಚು ಕುರಿ ಕೇಳುವ ಹುಲಿಗಳೂ ಇವೆ.

ಮಗಳು ಹುಲಿ ಬೇಕೆಂದಳು. ಒಂಬತ್ತು ವರ್ಷಕ್ಕೆ ಯಾರು ತಾನೇ ಕುರಿಯಾಗಲು ಬಯಸುತ್ತಾರೆ? ಅಪ್ಪ ಒಪ್ಪಿ, ಬೇಕೆಂದೇ ಹಾಳಾಗಿ ಆಡಿದ. ಅವಳು ಐದು ಕುರಿ ತಿಂದು ಮುಗಿಸಿದಳು. ಐದನೆಯದನ್ನು ನಿಜವಾಗಿಯೂ ಬಾಯಿಯ ಹತ್ತಿರ ಒಯ್ದಾಗ ಅಪ್ಪ ಕೈ ತಟ್ಟಿದ. "ಹಸಿ ಬೀಜ ಮಗಾ, ಸಿಪ್ಪೆಯ ಸೊನೆ ತಾಗಿದ್ರೆ ತುಟಿ ಸುಟ್ಟುಹೋಗ್ತದೆ. ಆ ಕುರಿ ಹುಲಿಗೇ ಕಚ್ತದೆ."

"ಈಗ ನೀ ಕುರಿ" ಅಂದ.

ಇಲ್ಲಿಂದ ನಿಜವಾದ ಪಾಠ. ಅವಳು ಮೊದಲ ಕುರಿಯನ್ನು ತೆಗೆದುಕೊಂಡು ಹೋಗಿ ನಡುಗೆರೆಯ ಹುಲಿಯ ಮೂಗಿನ ಕೆಳಗೇ ಇಟ್ಟಳು. ಹುಲಿಗೆ ಅಡ್ಡಗಟ್ಟುವ ಹುಮ್ಮಸ್ಸು. ಅಪ್ಪನ ಅಡಿಕೆ ಟಕ್ ಎಂದು ಹಾರಿತು. ಎರಡನೆಯದನ್ನು ಇನ್ನೊಂದು ಹುಲಿಯ ಕೆಳಗೆ ಇಟ್ಟಳು. ಅದೂ ಹೋಯಿತು.

"ಇದು ಮೋಸದ ಆಟ. ಹುಲಿಗೆ ಎಲ್ಲ ಉಂಟು, ಕುರಿಗೆ ನಡೀಲಿಕ್ಕೂ ಇಲ್ಲ."

ಅಪ್ಪ ಸಮಾಧಾನ ಹೇಳಲಿಲ್ಲ. ಸತ್ತ ಎರಡು ಕುರಿಗಳನ್ನು ವಾಪಸು ಕೊಟ್ಟು ಒಂದೇ ಪ್ರಶ್ನೆ ಕೇಳಿದ: "ಹುಲಿ ಎಲ್ಲಿ ನಿಂತ್ರೂ ತಿನ್ನಲಿಕ್ಕಾಗದ ಮನೆ ಯಾವುದಾದ್ರೂ ಉಂಟಾ, ಹುಡುಕು."

ಅಪ್ಪ ಮೇಷ್ಟ್ರಲ್ಲ. ಆದರೆ ಹೀಗೆ ಕೇಳಿ ಸುಮ್ಮನೆ ಕವಳ ಹಾಕಿಕೊಂಡು ಕೂರುವುದು ನನ್ನಿಂದ ಆಗುತ್ತಿರಲಿಲ್ಲ. ನಾನಾಗಿದ್ದರೆ ಅರ್ಧ ನಿಮಿಷಕ್ಕೆ ಉತ್ತರ ಹೇಳಿಬಿಡುತ್ತಿದ್ದೆ. ಹೊರಗೆ ಮಳೆ ಒಂದು ಸುತ್ತು ಜೋರಾಗಿ ತಗ್ಗಿತು. ಮಳೆಹುಳುಗಳು ಬತ್ತಿಗೆ ಬಡಿದು ರೆಕ್ಕೆ ಉದುರಿಸಿ ಆಟದ ಮನೆಯ ಮೇಲೆಲ್ಲ ಓಡಾಡಿದವು. ಒಂದು ಹುಳು ಮೂರು ಗೆರೆ ದಾಟಿ ಹುಲಿಯ ಪಕ್ಕ ಕೂತಿತು. ಮಗಳು ಅದನ್ನು ಊದಿ ಆಚೆ ಹಾಕಿ, ಬೆರಳಿಂದ ಗೆರೆ ತಡವುತ್ತ ಹೋದಳು.

"ಇಲ್ಲಿ" ಎಂದು ಎಡಗಡೆಯ ಮೇಲಿನ ಹೊರಮೂಲೆಯ ಮೇಲೆ ಬೆರಳಿಟ್ಟಳು. ಸರಿಯೇ. ಅಡ್ಡಗೆರೆಯೂ ಅಲ್ಲೇ ಮುಗಿಯುತ್ತದೆ, ನಿಂತ ಗೆರೆಯೂ ಅಲ್ಲೇ ಮುಗಿಯುತ್ತದೆ. ಹಾರಿದರೆ ಇಳಿಯಲು ಆಚೆ ಮನೆಯೇ ಇಲ್ಲ. ಒಂದು ಸಿಕ್ಕಿದ ಮೇಲೆ ಉಳಿದವು ಬೇಗ ಸಿಕ್ಕವು. ಎರಡು ಬದಿಗಳ ಮೇಲಿನ ಮೂಲೆ, ಕೆಳಗಿನ ಮೂಲೆ, ಬುಡದ ಸಾಲಿನ ಎರಡು ಕೊನೆ. ಇವು ಆರು. ತುದಿಯ ಮನೆಯೂ ಅಂಥದ್ದೇ, ಆದರೆ ಅಲ್ಲಿ ಹುಲಿ ಕೂತಿದೆ.

"ಆರಾಯ್ತು. ಏಳನೇದು?"

ಇದಕ್ಕೆ ಹೆಚ್ಚು ಹೊತ್ತು ಹಿಡಿಯಿತು. ಬದಿಯ ನಿಂತ ಗೆರೆಯ ನಡುಮನೆಗೆ ಮೇಲೆ ಒಂದು ಕುರಿ, ಕೆಳಗೆ ಒಂದು ಕುರಿ ಈಗಾಗಲೇ ಕೂತಿವೆ. ಹುಲಿಗೆ ಅದನ್ನು ದಾಟುವ ದಾರಿಯಿಲ್ಲ. ಹಾಗೆ ಎಡಕ್ಕೊಂದು, ಬಲಕ್ಕೊಂದು. ಬುಡದ ಸಾಲಿನ ಎರಡು ಕೊನೆಗಳಲ್ಲಿ ಕುರಿಯಿದ್ದರೆ ನಡುವಿನ ಎರಡು ಮನೆಯೂ ಭದ್ರ. "ಹತ್ತು!" ಎಂದು ಮಗಳು ಕೂಗಿದ್ದು ಪಕ್ಕದ ಮನೆಗೂ ಕೇಳಿರಬೇಕು. ಆಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಅಂಚಿನಿಂದ ಒಳಕ್ಕೆ ಕಟ್ಟುತ್ತ ಬಂದರೆ ಹದಿನೈದನ್ನೂ ನಷ್ಟವಿಲ್ಲದೆ ಇಳಿಸಬಹುದು. ಮೋಸದ ಆಟ ಎನ್ನುವ ಮಾತು ಮತ್ತೆ ಅವಳ ಬಾಯಲ್ಲಿ ಬರಲಿಲ್ಲ.

ಆದರೆ ಹುಲಿಯೇನು ಕೈಕಟ್ಟಿ ಕೂತಿರುತ್ತದೆಯೇ? ಅಪ್ಪ ಒಂದು ಅಡಿಕೆಯನ್ನು ಮೆಲ್ಲಗೆ ಎಡಕ್ಕೆ ನಡೆಸಿ, ಅವಳು ಇನ್ನೂ ಕುರಿ ಇಡದ ಮೇಲಿನ ಹೊರಮೂಲೆಯಲ್ಲಿ ತಾನೇ ಕೂತ. ಅವಳ ಹತ್ತರ ಲೆಕ್ಕ ಕೆಟ್ಟಿತು. ಮುಖ ಸಣ್ಣದಾಯಿತು. ಅಪ್ಪ ಕಣ್ಣು ಕಿರಿದಾಗಿಸಿ ಅಂದ: "ಮೂಲೆಗೆ ಬಂದ ಹುಲಿಗೆ ಎಷ್ಟು ದಾರಿ?"

ಎರಡೇ. ಅಡ್ಡಕ್ಕೊಂದು, ಕೆಳಕ್ಕೊಂದು. ಅವಳು ತಕ್ಷಣ ಅಡ್ಡಗೆರೆಯಲ್ಲಿ ಒಂದು ಕುರಿ, ಕೆಳಗೆ ಒಂದು ಕುರಿ, ಅದರ ಬೆನ್ನಿಗೆ ಇನ್ನೊಂದು ಇಟ್ಟು ಗೆದ್ದವಳ ಹಾಗೆ ನೋಡಿದಳು. ಅಡ್ಡಗೆರೆಯ ಕುರಿಯ ಬೆನ್ನು ಖಾಲಿಯಿತ್ತು. ಟಕ್. ಅಡಿಕೆ ಹಾರಿ ಹೊರಬಂತು.

"ಮೂಲೆಯ ಹುಲಿಗೆ ನಾಲ್ಕು ಕುರಿ ಬೇಕು" ಅಂದ ಅಪ್ಪ. "ಎದುರಿಗೆ ಎರಡು, ಅವಕ್ಕೆ ಬೆನ್ನಿಗೆ ಎರಡು. ಬೆನ್ನಿಗಿದ್ದವರನ್ನ ಮೊದಲು ಇಡು. ಎದುರಿನವರನ್ನ ಆಮೇಲೆ."

ಅದೇ ಹುಲಿ ನಟ್ಟನಡುವಿನ ಮನೆಯಲ್ಲಿದ್ದರೆ ನಾಲ್ಕು ದಿಕ್ಕಿಗೂ ಎರಡೆರಡರಂತೆ ಎಂಟು ಕುರಿ ಬೇಕು. ತುದಿಯ ಹುಲಿಗೂ ಅಷ್ಟೇ, ಏಕೆಂದರೆ ಅಲ್ಲಿಂದ ನಾಲ್ಕು ಗೆರೆ ಇಳಿಯುತ್ತವೆ. ಹದಿನೈದು ಕುರಿಗಳಲ್ಲಿ ಮೂರು ಹುಲಿ ಕಟ್ಟಬೇಕಾದರೆ ಅವುಗಳನ್ನು ಒಂದೊಂದಾಗಿ ಅಂಚಿಗೆ ಅಟ್ಟಲೇಬೇಕು. ಮೂರೂ ಮೂಲೆ ಸೇರಿದರೆ ಹನ್ನೆರಡು ಕುರಿ ಸಾಕು. ಜಾಣ ಹುಲಿ ತಾನಾಗಿ ಮೂಲೆಗೆ ಹೋಗುವುದಿಲ್ಲ. ಆದರೆ ಅದಕ್ಕೂ ಪ್ರತಿ ಸರದಿಯಲ್ಲಿ ನಡೆಯಲೇಬೇಕೆಂಬ ಕಾನೂನುಂಟು. ಬೇರೆ ದಾರಿ ಮುಚ್ಚಿದರೆ ಉಳಿದ ದಾರಿಯಲ್ಲೇ ಹೋಗಬೇಕು.

ಅದೇ ಕಾನೂನು ಕುರಿಗೂ ಇದೆ. ಹದಿನೈದೂ ಇಟ್ಟ ಮೇಲೆ 23ರಲ್ಲಿ ಖಾಲಿ ಉಳಿಯುವುದು ಐದೇ ಮನೆ. ಈಗ ಕುರಿ ನಡೆಯಬೇಕು. ಒಂದು ಕದಲಿದರೆ ಅದರ ಹಿಂದೆ ತೂತು. ಮಗಳು ಮುಂದಿನ ಸಾಲಿನ ಒಂದು ಕುರಿಯನ್ನು ಹುಲಿಯ ಕೆಳಗೆ ತಳ್ಳಿ, ಅದರ ಹಿಂದಿನ ತೂತಿನ ಮೂಲಕವೇ ಕಳೆದುಕೊಂಡಳು. ಅಪ್ಪ ಒಮ್ಮೆ ತೋರಿಸಿಕೊಟ್ಟ. ಬಲಬದಿಯ ನಡುಮನೆಯ ಕುರಿಯನ್ನು ಒಂದು ಹೆಜ್ಜೆ ಒಳಕ್ಕೆ ನಡೆಸು, ಮುಂದಿನ ಸರದಿಗೆ ಕೆಳಮೂಲೆಯದನ್ನು ಎತ್ತಿ ಆ ಜಾಗಕ್ಕೆ ತಂದು ತುಂಬು. ನಡುವೆ ಹುಲಿಗೆ ಸಿಗುವುದು ಒಂದೇ ಹೆಜ್ಜೆ. ಆ ಒಂದು ಹೆಜ್ಜೆಯಲ್ಲಿ ಅದು ಹಾರುವ ಜಾಗದಲ್ಲಿಲ್ಲ ಎಂದು ಮೊದಲೇ ನೋಡಿಕೊಂಡಿರಬೇಕು, ಅಷ್ಟೆ.

ಎರಡನೇ ಮೇಣದಬತ್ತಿ ಅರ್ಧಕ್ಕೆ ಬಂದಾಗ ಎರಡು ಹುಲಿ ಕಟ್ಟಿದ್ದವು. ಅವಳ ಮೂರು ಕುರಿ ಹೋಗಿದ್ದವು. ಮೂರನೆಯ ಹುಲಿ ಬುಡದ ಸಾಲಿನ ಕಡೆ ಓಡಾಡುತ್ತಿತ್ತು. ಆಗಲೇ ಕರೆಂಟು ಬಂತು. ಟ್ಯೂಬ್‌ಲೈಟು ಎರಡು ಸಲ ಮಿಣುಕಿ ಹತ್ತಿತು, ಒಳಗೆ ಮಿಕ್ಸರ್ ತಾನಾಗಿ ಗುರ್ ಎಂದಿತು.

"ಬಂತಲ್ಲ, ಏಳು, ಊಟ" ಎಂದು ಅಪ್ಪ ಅಡಿಕೆ ಎತ್ತಲು ಹೋದ.

"ಮುಟ್ಬೇಡ ಅಜ್ಜಾ! ಸೋಲ್ತೀಯ ಅಂತ ಎತ್ತೋದಾ?"

ಅಪ್ಪ ಕೈ ಹಿಂದಕ್ಕೆ ತೆಗೆದ. ಆಡಿದ. ಬುಡದ ಎಡಕೊನೆಗೆ ಹೋಗದೆ ಅವನ ಹುಲಿಗೆ ಬೇರೆ ದಾರಿಯಿರಲಿಲ್ಲ. ಮಗಳು ಬೆನ್ನಿನ ಕುರಿಗಳನ್ನು ಮೊದಲೇ ನಿಲ್ಲಿಸಿದ್ದಳು. ಅಪ್ಪ ಬೇಕೆಂದೇ ಸೋತನೋ ಎಂದು ಆಮೇಲೆ ಅಡಿಗೆಮನೆಯಲ್ಲಿ ಕೇಳಿದೆ. "ಮೊದಲಿನ ಆಟ ಬೇಕಂತಲೇ. ಇದಲ್ಲ ಮಾರಾಯಾ" ಅಂದ, ಸ್ವಲ್ಪ ಬೇಜಾರಿನಲ್ಲೇ.

ಕಾರವಾರದ ನಮ್ಮ ಮನೆಯ ಟೈಲ್ಸ್ ಮೇಲೆ ಇದ್ದಲು ಹಿಡಿಯುವುದಿಲ್ಲ. ಮಗಳು ಕ್ಯಾಲೆಂಡರಿನ ಹಿಂದೆ ಸ್ಕೆಚ್ ಪೆನ್ನಿನಿಂದ 23 ಮನೆ ಬರೆದು, ಬೀಚಿನಿಂದ ಆರಿಸಿದ ಚಿಪ್ಪಿಗಳನ್ನು ಕುರಿ ಮಾಡಿಕೊಂಡಿದ್ದಾಳೆ. ಹುಲಿ ಯಾವಾಗಲೂ ನಾನು. ಮೊನ್ನೆ ಮೂರನೇ ಹುಲಿಯೂ ಕಟ್ಟಿದ ಮೇಲೆ ಅವಳು ನನ್ನನ್ನು ಕನಿಕರದಿಂದ ನೋಡಿ, "ಅಪ್ಪಾ, ಅಜ್ಜನಿಗೆ ಫೋನ್ ಮಾಡಿ ಹುಲಿಯದ್ದೂ ಕಲ್ತುಕೋ" ಅಂದಳು.